ಉತ್ತರವನ್ನಲ್ಲ, ಒಗಟನ್ನು ಮುಂದಕ್ಕೆ ತನ್ನಿ

ಎರಡು ಗಂಟೆಯ ಪಾಡ್‌ಕಾಸ್ಟಿನಿಂದ ಶಾರ್ಟ್ ಕತ್ತರಿಸುವಾಗ ಅತಿಥಿ ಹೇಳಿದ ಅತ್ಯಂತ ಗಟ್ಟಿ ಮಾತನ್ನೇ ಎತ್ತಿ ಮುಂದೆ ಇಡುವುದು ರೂಢಿ. ಹಲವು ಶಾರ್ಟ್‌ಗಳು ಕೆಡುವುದೂ ಅಲ್ಲೇ. ಗಟ್ಟಿ ಮಾತು ಸಾಮಾನ್ಯವಾಗಿ ಉತ್ತರ. ಉತ್ತರ ಕೇಳಿದವರು ಮುಂದಕ್ಕೆ ಸ್ಕ್ರೋಲ್ ಮಾಡುತ್ತಾರೆ.

ಒಬ್ಬ ಜೀವರಕ್ಷಕರ ಸಂದರ್ಶನ ಎಂದುಕೊಳ್ಳಿ. ಆರಿಸಿದ ತುಣುಕು 74 ಸೆಕೆಂಡ್. ನಿರೂಪಕರ ಪ್ರಶ್ನೆಗೆ 14, ‘ನೋಡಿ, ಏನಾಗುತ್ತೆ ಅಂದ್ರೆ’ ಎಂಬ ಪೀಠಿಕೆಗೆ 9 ಸೆಕೆಂಡ್. ಬಳಿಕ ಸಿನಿಮಾದಲ್ಲಿ ಮುಳುಗುವವರು ಹೇಗೆ ಕೈ ಬೀಸಿ ಕಿರುಚುತ್ತಾರೆ ಎಂಬ ವಿವರಣೆ. ಆಮೇಲೆ ಮುಖ್ಯ ಮಾತು: ‘ನಿಜವಾಗಿ ಮುಳುಗೋರು ಕೂಗೋದೇ ಇಲ್ಲ. ಯಾಕಂದ್ರೆ ಉಸಿರು ತಗೊಳ್ಳೋದಕ್ಕೇ ಆಗ್ತಿರಲ್ಲ.’

ಈ ಮುಖ್ಯ ಮಾತಿನ ಮೊದಲ ವಾಕ್ಯವನ್ನಷ್ಟೇ ಮುಂದಕ್ಕೆ ಒಯ್ದರೆ ‘ಯಾಕಂದ್ರೆ’ ಅನಾಥವಾಗಿ ಸಿನಿಮಾದ ಮಾತಿಗೆ ಅಂಟಿಕೊಳ್ಳುತ್ತದೆ, ಅರ್ಥವೇ ತಲೆಕೆಳಗು. ಎರಡೂ ಕಡೆ ಇಟ್ಟರೆ ಹಾಡು ಸಿಕ್ಕಿಹಾಕಿಕೊಂಡಂತೆ ಕೇಳುತ್ತದೆ. ಅದನ್ನು ಇದ್ದಲ್ಲೇ ಬಿಡಿ. ತುಣುಕಿನ ಕೊನೆಯಲ್ಲಿ ಅತಿಥಿ ಇನ್ನೊಂದು ಮಾತು ಹೇಳಿರುತ್ತಾರೆ: ‘ಮಗು ಮುಳುಗ್ತಾ ಇರುತ್ತೆ, ನಾಲ್ಕು ಹೆಜ್ಜೆ ದೂರದಲ್ಲಿ ಅಪ್ಪ ಅಮ್ಮ ನಿಂತಿರ್ತಾರೆ, ಗೊತ್ತೇ ಆಗಲ್ಲ.’ ಇದು ಒಗಟು. ‘ಅದು’, ‘ಅವರು’ ಎಂಬ ಹಿಂದಿನ ಮಾತಿನ ಬಾಲವೂ ಇದಕ್ಕಿಲ್ಲ. ಇದನ್ನು ಮೊದಲಿಗಿಟ್ಟು, ನೇರ ಸಿನಿಮಾದ ಮಾತಿಗೆ ಹಾರಿ. ಪ್ರಶ್ನೆ, ಪೀಠಿಕೆ ಹೋದವು. ಉಳಿದದ್ದು 51 ಸೆಕೆಂಡ್.

ಕನ್ನಡದಲ್ಲಿ ಇನ್ನೊಂದು ಗುಂಡಿ ಇದೆ. ‘ಮುಳುಗೋರು ಕೈ ಬೀಸಿ ಕರೀತಾರೆ ಅಂತ ಜನ ಅಂದ್ಕೊಂಡಿದ್ದಾರೆ’ ಎಂಬಲ್ಲಿ ‘ಕರೀತಾರೆ’ಗೇ ಕತ್ತರಿ ಹಾಕಿದರೆ ಅತಿಥಿ ತಾವು ಒಪ್ಪದ್ದನ್ನೇ ಹೇಳಿದಂತಾಗುತ್ತದೆ. ನಮ್ಮ ವಾಕ್ಯದ ತೀರ್ಪು ಕೊನೆಯಲ್ಲಿರುತ್ತದೆ. ಆದ್ದರಿಂದ ಕತ್ತರಿಸುವ ಜಾಗದಿಂದ ಮುಂದೆ ವಾಕ್ಯ ಮುಗಿಯುವವರೆಗೂ ಪ್ರತಿ ಸಲ ಕೇಳಲೇಬೇಕು.

ಬೆಸುಗೆ ಚಿತ್ರಕ್ಕಿಂತ ದನಿಯಲ್ಲೇ ಹೆಚ್ಚು ಗೊತ್ತಾಗುತ್ತದೆ. ದನಿ ಇಳಿಯದೆ ಮೇಲೇರಿ ನಿಂತ ಕಡೆ ಕತ್ತರಿಸಿದರೆ ಮಾತು ಕಿತ್ತುಕೊಂಡಂತಿರುತ್ತದೆ. ಮುಂದಿನ ಉಸಿರಿನ ಸದ್ದು ಅರ್ಧ ಉಳಿದರೂ ಕಿವಿಗೆ ಚುಚ್ಚುತ್ತದೆ: ಇಡೀ ಉಸಿರು ಇಡಿ, ಇಲ್ಲವೇ ಪೂರ್ತಿ ತೆಗೆಯಿರಿ. ಬೆಸುಗೆಯಲ್ಲಿ ಎರಡು ಫ್ರೇಮಿನಷ್ಟು ಆಡಿಯೊ ಕ್ರಾಸ್‌ಫೇಡ್, ಅಂದರೆ ಒಂದು ದನಿ ಇಳಿಯುತ್ತಾ ಇನ್ನೊಂದು ಏರುವ ಹೊಂದಿಕೆ, ಸಾಕು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು 80 ಮಿಲಿಸೆಕೆಂಡ್. ಒಗಟಿನ ನಂತರ ಅರ್ಧ ಸೆಕೆಂಡ್ ಬಿಡುವು ಕೊಡುವುದಾದರೆ ಪೂರ್ತಿ ನಿಶ್ಶಬ್ದ ಹಾಕಬೇಡಿ, ಅದೇ ಧ್ವನಿಮುದ್ರಣದಲ್ಲಿ ಯಾರೂ ಮಾತಾಡದ ಕ್ಷಣದ ಕೋಣೆಯ ಸದ್ದನ್ನು ತುಂಬಿ. ನಿಶ್ಶಬ್ದವಾದರೆ ಫೋನು ಕೆಟ್ಟಿತೇನೋ ಅನ್ನಿಸುತ್ತದೆ.

ಮಾತು ಎತ್ತಿದ ಹಳೆಯ ಜಾಗವನ್ನು ಮರೆಯುವುದು ಸುಲಭ. ಅಲ್ಲಿ ಉಳಿದ ಎರಡು ಅಂಚುಗಳು ಕೂಡುತ್ತವೆಯೇ ಎಂದು ಪರದೆ ನೋಡದೆ ಕೇಳಿ. ತಲೆ ಜಿಗಿದಂತೆ ಕಂಡರೆ ಅಲ್ಲಿ ನಿರೂಪಕರ ಮುಖದ ಒಂದು ಶಾಟ್ ಹಾಕಿ, ಅಥವಾ ಫ್ರೇಮನ್ನು ಸ್ವಲ್ಪ ಹಿಗ್ಗಿಸಿ.