ಶಾಶ್ವತ ಪೂಜೆಗೆ ಇವತ್ತು ಎಷ್ಟು ದುಡ್ಡು ಇಡಬೇಕು?

ಎಷ್ಟೋ ದೇವಸ್ಥಾನಗಳ ಸೇವಾ ಪಟ್ಟಿಯಲ್ಲಿ ‘ಶಾಶ್ವತ ಪೂಜೆ’ ಅಂತ ಒಂದು ಸಾಲು ಇರುತ್ತದೆ. ಒಂದು ಸಲ ದುಡ್ಡು ಕಟ್ಟಿದರೆ ಸಾಕು, ನೀವು ಹೇಳಿದ ದಿನ ಪ್ರತಿ ವರ್ಷ ಪೂಜೆ ನಡೆಯುತ್ತದೆ. ಅಸಲು ಠೇವಣಿಯಲ್ಲಿ ಇರುತ್ತದೆ, ಬಡ್ಡಿಯಲ್ಲಿ ಖರ್ಚು ಕಳೆಯುತ್ತದೆ. ಕಾಲೇಜುಗಳ ದತ್ತಿ ಬಹುಮಾನಗಳೂ ಹೀಗೇ ನಡೆಯುತ್ತವೆ. ಕೊನೆಯೇ ಇಲ್ಲದೆ ವರ್ಷವರ್ಷ ಸಾಗುವ ಇಂಥ ಹಣದ ಸಾಲಿಗೆ ಹಣಕಾಸಿನವರು ಪರ್ಪೆಚುಯಿಟಿ ಅನ್ನುತ್ತಾರೆ.

ಕೊನೆಯಿಲ್ಲದ ಖರ್ಚಿಗೆ ಲೆಕ್ಕವಿಲ್ಲದಷ್ಟು ದುಡ್ಡು ಬೇಕು ಅಂತ ಅನ್ನಿಸಬಹುದು. ಆದರೆ ಹಾಗಲ್ಲ. ಮುಂದಿನ ವರ್ಷದ 1,000 ರೂಪಾಯಿಗೆ ಇವತ್ತು ಪೂರ್ತಿ ಸಾವಿರ ಇಡಬೇಕಾಗಿಲ್ಲ. ಶೇ. 7 ಬಡ್ಡಿ ಇದ್ದರೆ 1,000ವನ್ನು 1.07ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 935 ಇಟ್ಟರೆ ಸಾಕು. ಅದರ ಮರುವರ್ಷದ ಸಾವಿರಕ್ಕೆ ಇನ್ನೂ ಕಡಿಮೆ, 873. ದೂರ ಹೋದಷ್ಟೂ ಮೊತ್ತ ಕರಗುತ್ತಾ ಹೋಗುತ್ತದೆ. ವರ್ಷದ ಖರ್ಚು C, ಬಡ್ಡಿ ದರ r, ಇವತ್ತು ಇಡಬೇಕಾದ ದುಡ್ಡು P ಅಂತ ಇಟ್ಟುಕೊಳ್ಳೋಣ.

```
P = C/(1+r) + C/(1+r)² + C/(1+r)³ + ...
```

ಈಗ ಎರಡೂ ಕಡೆ (1+r)ನಿಂದ ಗುಣಿಸಿ. ಮೊದಲ ಪದ ಬರೀ C ಆಗುತ್ತದೆ. ಅದರ ಹಿಂದೆ ಉಳಿಯುವ ಸಾಲನ್ನು ಸ್ವಲ್ಪ ನೋಡಿ: ಅದು ಮತ್ತೆ ಅದೇ P! ಸಾಲಿಗೆ ಕೊನೆಯಿಲ್ಲದ್ದರಿಂದಲೇ ಇದು ಸಾಧ್ಯ.

```
P(1+r) = C + P
P = C/r
```

ನಮ್ಮ ಲೆಕ್ಕದಲ್ಲಿ 1,000/0.07, ಅಂದರೆ ಸುಮಾರು 14,286 ರೂಪಾಯಿ. ಇದರ ಒಂದು ವರ್ಷದ ಬಡ್ಡಿ ಸರಿಯಾಗಿ ಸಾವಿರ, ಅಸಲು ಮುಟ್ಟುವ ಹಾಗೇ ಇಲ್ಲ.

ಆದರೆ ಹೂವು, ಎಣ್ಣೆ, ತೆಂಗಿನಕಾಯಿ ಯಾವುದೂ ಇದೇ ರೇಟಿನಲ್ಲಿ ನಿಲ್ಲುವುದಿಲ್ಲ ಅಲ್ವಾ? ಖರ್ಚು ವರ್ಷಕ್ಕೆ ಶೇ. 5 ಏರಿದರೆ ಇಪ್ಪತ್ತನೇ ಪೂಜೆಗೆ ಸುಮಾರು 2,527 ರೂಪಾಯಿ ಬೇಕು. ಬಡ್ಡಿ ಬರುವುದು ಮಾತ್ರ ಅದೇ ಸಾವಿರ. ಅಸಲಿಗೆ ಕೈಹಾಕಿದರೆ ಮುಂದಿನ ವರ್ಷದ ಬಡ್ಡಿಯೂ ಇಳಿಯುತ್ತದೆ, ನಿಧಿ ಬೇಗ ಬರಿದಾಗುತ್ತದೆ. ಹಾಗಾಗಿ ಏರಿಕೆಯನ್ನೂ ಲೆಕ್ಕಕ್ಕೆ ತರಬೇಕು. ಏರಿಕೆ ದರ g ಆಗಿರಲಿ.

```
P = C/(1+r) + C(1+g)/(1+r)² + C(1+g)²/(1+r)³ + ...
```

ಇಲ್ಲಿ ಪ್ರತಿ ಪದವೂ ಹಿಂದಿನದರ (1+g)/(1+r)ರಷ್ಟು. ಆದ್ದರಿಂದ ಈ ಸಲ (1+r)/(1+g)ಯಿಂದ ಗುಣಿಸಬೇಕು. ಮೊದಲ ಪದ C/(1+g) ಆಗುತ್ತದೆ, ಉಳಿದದ್ದು ಮತ್ತೆ P.

```
P(1+r)/(1+g) = C/(1+g) + P
P(1+r) = C + P(1+g)
P = C/(r−g)
```

1,000/(0.07−0.05) ಅಂದರೆ 50,000. ಮೊದಲಿನದಕ್ಕಿಂತ ಮೂರೂವರೆ ಪಟ್ಟು! ಸರಿಯಿದೆಯಾ ಅಂತ ಪಾಸ್‌ಬುಕ್ ಬರೆದ ಹಾಗೆ ಬರೆದು ನೋಡೋಣ. ಮೊದಲ ವರ್ಷದ ಬಡ್ಡಿ 3,500. ಪೂಜೆಗೆ 1,000 ಹೋಗಿ 2,500 ಅಸಲಿಗೆ ಸೇರುತ್ತದೆ, 52,500 ಆಯಿತು. ಎರಡನೇ ವರ್ಷ ಬಡ್ಡಿ 3,675, ಪೂಜೆಗೆ 1,050, ಉಳಿದ 2,625 ಸೇರಿ 55,125. ಖರ್ಚು ಶೇ. 5 ಏರಿದರೆ ಅಸಲೂ ಶೇ. 5 ಏರುತ್ತದೆ. ಬಡ್ಡಿಯೆಲ್ಲ ಖರ್ಚಿಗೆ ಅಂತ ತಿಳಿದದ್ದೇ ತಪ್ಪಾಗಿತ್ತು. ಅದರಲ್ಲಿ ಜಾಸ್ತಿ ಪಾಲು ವಾಪಸ್ ಅಸಲಿಗೇ ಹೋಗಬೇಕು.

ಈ ಸೂತ್ರಕ್ಕೆ ಒಂದು ಕಟ್ಟುಪಾಡು ಇದೆ: rಗಿಂತ g ಕಡಿಮೆ ಇರಲೇಬೇಕು. ಎರಡೂ ಸಮವಾದರೆ ಪ್ರತಿ ಪದವೂ C/(1+r) ಆಗಿಯೇ ಉಳಿಯುತ್ತದೆ, ಮೊತ್ತಕ್ಕೆ ಕೊನೆ ಇರುವುದಿಲ್ಲ. ಆಗ ‘ಉಳಿದದ್ದು ಮತ್ತೆ P’ ಅನ್ನುವ ನಮ್ಮ ಹೆಜ್ಜೆಯೇ ನಿಲ್ಲುವುದಿಲ್ಲ, ಯಾಕೆಂದರೆ P ಅಂತ ಒಂದು ಸಂಖ್ಯೆಯೇ ಇಲ್ಲ. g ಇನ್ನೂ ಜಾಸ್ತಿಯಾದರೆ ಸೂತ್ರ ಋಣ ಸಂಖ್ಯೆ ಕೊಡುತ್ತದೆ. ಉತ್ತರ ಹಾಗೆ ಬಂದರೆ ಸೂತ್ರವನ್ನು ಬಳಸಬಾರದ ಕಡೆ ಬಳಸಿದ್ದೀರಿ ಅಂತ ಗೊತ್ತಾಗುತ್ತದೆ.

g ಕಡಿಮೆ ಇದ್ದರೂ ಎರಡೂ ಹತ್ತಿರ ಹತ್ತಿರ ಇದ್ದಾಗ ಎಚ್ಚರ ಬೇಕು. ಬಡ್ಡಿ ಶೇ. 7ರಿಂದ 6.5ಕ್ಕೆ ಇಳಿದರೆ 50,000 ಸಾಲದು, ಸುಮಾರು 66,667 ಬೇಕು. ಬಡ್ಡಿ ಶೇ. 7ರಲ್ಲೇ ಇದ್ದು ಏರಿಕೆ ಶೇ. 6 ಆದರೆ ಒಂದು ಲಕ್ಷವೇ ಬೇಕು. ಕಾರಣ ಇದು: ಏರಿಕೆ ಇಲ್ಲದ ಲೆಕ್ಕದಲ್ಲಿ ಮೊತ್ತದ ಶೇ. 87ರಷ್ಟು ಮೊದಲ 30 ವರ್ಷಗಳಿಗೇ ಸೇರಿದ್ದು. ಶೇ. 5 ಏರಿಕೆ ಇದ್ದರೆ ಆ ಪಾಲು ಶೇ. 43 ಮಾತ್ರ. ಅರ್ಧಕ್ಕಿಂತ ಜಾಸ್ತಿ ದುಡ್ಡು 30 ವರ್ಷದಾಚೆಯ ಪೂಜೆಗಳಿಗೆ ಮೀಸಲು. ಅಷ್ಟು ದೂರದ ಬಡ್ಡಿ, ಬೆಲೆ ಎರಡೂ ಬರೀ ಅಂದಾಜು.

ಇನ್ನೊಂದು ಕಡೆ ಜನ ಎಡವುತ್ತಾರೆ. ಸೂತ್ರ ಕೊಡುವುದು ಮೊದಲ ಖರ್ಚಿಗಿಂತ ಒಂದು ವರ್ಷ ಹಿಂದಿನ ಬೆಲೆ. ಮೊದಲ ಪೂಜೆ ಇವತ್ತೇ ಆಗಬೇಕಿದ್ದರೆ ಅದರ 1,000 ಬೇರೆ ಇಡಬೇಕು. ಮುಂದಿನ ವರ್ಷದ 1,050ಕ್ಕೆ ಸೂತ್ರ ಹಾಕಿದರೆ 52,500. ಎರಡೂ ಸೇರಿ ರಸೀದಿಯಲ್ಲಿ ಬರೆಯಬೇಕಾದ ಮೊತ್ತ 53,500.