ಏರುವ ಬೆಣೆ ಕೆಳಗೇಕೆ ಒಡೆಯುತ್ತದೆ?

2021ರ ಏಪ್ರಿಲ್ 14ರಂದು ಬಿಟ್‌ಕಾಯಿನ್ ಬೆಲೆ ಸುಮಾರು 64,800 ಡಾಲರ್ ಮುಟ್ಟಿತು. ಕ್ರಿಪ್ಟೊ ವಿನಿಮಯ ಕೇಂದ್ರವಾದ ಕಾಯಿನ್‌ಬೇಸ್‌ನ ಷೇರು ಅಮೆರಿಕದ ನಾಸ್ಡಾಕ್ ಮಾರುಕಟ್ಟೆಗೆ ಬಂದ ದಿನವೂ ಅದೇ. ಏರಿಕೆ ಮುಂದುವರಿಯುತ್ತದೆ ಎಂದು ನಂಬಲು ಜನರಿಗೆ ಬೇರೆ ಕಾರಣ ಬೇಕಿರಲಿಲ್ಲ. ನಾಲ್ಕೇ ದಿನಗಳಲ್ಲಿ ಬೆಲೆ 52,000ದ ಆಸುಪಾಸಿಗೆ ಬಿದ್ದಿತು. ಅದಕ್ಕೂ ಮುಂಚಿನ ಎರಡು ತಿಂಗಳ ಚಾರ್ಟ್ ತೆರೆದು ನೋಡಿದರೆ, ವ್ಯಾಪಾರಿಗಳು ‘ರೈಸಿಂಗ್ ವೆಡ್ಜ್’ ಎನ್ನುವ ಆಕೃತಿ, ಅಂದರೆ ಏರುವ ಬೆಣೆ, ಸ್ಪಷ್ಟವಾಗಿ ಕಾಣುತ್ತದೆ.

ಆ ಅವಧಿಯ ಶಿಖರಗಳನ್ನು ಗಮನಿಸಿ. ಫೆಬ್ರವರಿ 21ರಂದು ಸುಮಾರು 58,300, ಮಾರ್ಚ್ 13ರಂದು 61,700, ಏಪ್ರಿಲ್ 14ರಂದು 64,800. ಇನ್ನು ತಗ್ಗುಗಳು: ಫೆಬ್ರವರಿ 28ರಂದು ಸುಮಾರು 43,000, ಮಾರ್ಚ್ 25ರಂದು 50,300, ಏಪ್ರಿಲ್ 7ರಂದು 55,500. ಶಿಖರಗಳನ್ನು ಸೇರಿಸಿ ಒಂದು ಗೆರೆ, ತಗ್ಗುಗಳನ್ನು ಸೇರಿಸಿ ಇನ್ನೊಂದು ಗೆರೆ ಎಳೆದರೆ ಎರಡೂ ಮೇಲಕ್ಕೇ ಹೋಗುತ್ತವೆ. ಆದರೆ ಕೆಳಗಿನ ಗೆರೆ ಹೆಚ್ಚು ಕಡಿದಾಗಿದೆ. ಫೆಬ್ರವರಿಯ ಕೊನೆಯಲ್ಲಿ ಎರಡರ ನಡುವೆ ಸುಮಾರು 16,000 ಡಾಲರ್ ಅಂತರವಿತ್ತು. ಏಪ್ರಿಲ್ 18ರ ಹೊತ್ತಿಗೆ ಅದು ಆರೇಳು ಸಾವಿರಕ್ಕೆ ಇಳಿದಿತ್ತು.

ಇಂಥ ಚಿತ್ರ ನೋಡಿದ ಯಾರಿಗೇ ಆದರೂ ಮೊದಲು ಹೊಳೆಯುವುದು ಏರಿಕೆಯೇ. ಪ್ರತಿ ಶಿಖರವೂ ಹಿಂದಿನದಕ್ಕಿಂತ ಎತ್ತರ, ಪ್ರತಿ ತಗ್ಗೂ ಹಿಂದಿನದಕ್ಕಿಂತ ಎತ್ತರ. ಏರುಗತಿಯನ್ನು ಗುರುತಿಸಲು ಪಾಠಪುಸ್ತಕ ಹೇಳುವುದೂ ಇದನ್ನೇ. ಹಾಗಿದ್ದೂ ಈ ಆಕೃತಿ ಹೆಚ್ಚಾಗಿ ಕೆಳಗೆ ಒಡೆಯುತ್ತದೆ, ಅಂದರೆ ಬೆಲೆ ಕೆಳಗಿನ ಗೆರೆಯ ಅಡಿಗೆ ಹೊರಬೀಳುತ್ತದೆ ಎಂಬುದು ಚಾರ್ಟ್ ಓದುವವರ ಹಳೆಯ ಅನುಭವ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಅವುಗಳನ್ನು ಒಂದಕ್ಕೊಂದು ಬೆರೆಸಬಾರದು ಎಂಬುದು ನನ್ನ ನಿಲುವು. ಒಂದು ರೇಖಾಗಣಿತಕ್ಕೆ ಸೇರಿದ್ದು, ಇನ್ನೊಂದು ಸಾಲಕ್ಕೆ ಸೇರಿದ್ದು.

ಗಣಿತದ ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ಮೇಲೆ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕಿದರೆ ಮೇಲಿನ ಗೆರೆ ದಿನಕ್ಕೆ ಸುಮಾರು 125 ಡಾಲರಿನಂತೆ ಏರುತ್ತಿತ್ತು, ಕೆಳಗಿನದು ಸುಮಾರು 330 ಡಾಲರಿನಂತೆ. ಅಂದರೆ ಬೆಣೆಯೊಳಗೆ ಉಳಿಯಬೇಕಾದರೆ ಬೆಲೆ ಸುಮ್ಮನೆ ಇದ್ದಲ್ಲೇ ಇದ್ದರೆ ಸಾಲದು, ಕೊನೆಕೊನೆಗೆ ದಿನವೂ ನೂರಾರು ಡಾಲರ್ ಮೇಲೇರುತ್ತಿರಬೇಕು. ಏಪ್ರಿಲ್ 17ರಂದು ಬೆಲೆ 60,000 ಡಾಲರಿನ ಆಸುಪಾಸಿನಲ್ಲಿತ್ತು, ಮರುದಿನ ಕೆಳಗೆರೆ 59,000 ದಾಟಿರುತ್ತಿತ್ತು. ಯಾರೂ ಗಾಬರಿಯಿಂದ ಮಾರದೆ ಬೆಲೆ 60,000ದಲ್ಲೇ ನಿಂತಿದ್ದರೂ ನಾಲ್ಕೈದು ದಿನಗಳಲ್ಲಿ ಗೆರೆಯೇ ಅದನ್ನು ದಾಟಿ ಮೇಲೆ ಹೋಗುತ್ತಿತ್ತು. ಚಾರ್ಟ್‌ನಲ್ಲಿ ಅದೂ ‘ಕೆಳಮುಖ ಬ್ರೇಕೌಟ್’ ಎಂದೇ ಕಾಣುತ್ತದೆ. ಯಾವ ಕಡೆಗೂ ಒಲವಿಲ್ಲದ ಬೆಲೆ ಏರುವ ಬೆಣೆಯಿಂದ ಕೆಳಬದಿಗೆ, ಇಳಿಯುವ ಬೆಣೆಯಿಂದ ಮೇಲ್ಬದಿಗೆ ಹೊರಬೀಳುವ ಸಾಧ್ಯತೆ ಹೆಚ್ಚು. ಇದಕ್ಕೆ ಜನರ ಮನಸ್ಥಿತಿಯ ಹಂಗೇ ಇಲ್ಲ.

ಆದ್ದರಿಂದ ಗೆರೆ ದಾಟಿದ್ದು ಬೇರೆ, ಬೆಲೆ ಕುಸಿದದ್ದು ಬೇರೆ. ‘ಬೆಣೆಗಳಲ್ಲಿ ಇಷ್ಟು ಪಾಲು ನಿರೀಕ್ಷೆಗೆ ವಿರುದ್ಧ ಒಡೆಯುತ್ತವೆ’ ಎಂಬ ಅಂಕಿಯನ್ನು ಯಾರಾದರೂ ಮುಂದಿಟ್ಟರೆ, ಒಡೆದ ಮೇಲೆ ಬೆಲೆ ಎಷ್ಟು ದೂರ ಹೋಯಿತು ಎಂದು ಕೇಳಲೇಬೇಕು. ಮೊದಲನೆಯ ಅಂಕಿಯಲ್ಲಿ ಬೆಣೆಯ ಆಕಾರದ ಪಾಲೂ ಸೇರಿರುತ್ತದೆ. ವ್ಯಾಪಾರಿಯ ಕೈಗೆ ದುಡ್ಡು ಬರುವುದು ಎರಡನೆಯದರಿಂದ ಮಾತ್ರ.

ನಿಜವಾದ ಕುಸಿತಕ್ಕೆ ಬೇಕಾದ ಇಂಧನವನ್ನು ಒದಗಿಸುವುದು ಸಾಲ. ಕ್ರಿಪ್ಟೊ ಮಾರುಕಟ್ಟೆಯಲ್ಲಿ ಬೆಲೆಯ ಏರಿಳಿತದ ಮೇಲೆ ಪಂದ್ಯ ಕಟ್ಟುವ, ಮುಕ್ತಾಯದ ದಿನವೇ ಇಲ್ಲದ ಫ್ಯೂಚರ್ಸ್ ಒಪ್ಪಂದಗಳಿವೆ. ಅವುಗಳಲ್ಲಿ ಹತ್ತು ಪಟ್ಟು ಲಿವರೇಜ್, ಅಂದರೆ ಇಟ್ಟ ಠೇವಣಿಯ ಹತ್ತು ಪಟ್ಟು ಮೊತ್ತದ ವಹಿವಾಟು, ಸಾಮಾನ್ಯ ಸಂಗತಿ. ಒಬ್ಬರು 62,000ದಲ್ಲಿ ಹತ್ತು ಪಟ್ಟು ಸಾಲದ ಬಲದಿಂದ ಕೊಂಡಿದ್ದಾರೆ ಎನ್ನಿ. ಬೆಲೆ 56,000ದ ಸುತ್ತ ಬಂದರೆ ಅವರ ಠೇವಣಿ ಕರಗಿಹೋಗಿರುತ್ತದೆ. ವಿನಿಮಯ ಕೇಂದ್ರದ ಯಂತ್ರ ಅವರನ್ನು ಕೇಳದೆ ಅವರ ಪಾಲನ್ನು ಮಾರಿಬಿಡುತ್ತದೆ. ಲಿಕ್ವಿಡೇಷನ್ ಎನ್ನುವುದು ಇದನ್ನೇ. ಆ ಮಾರಾಟ ಬೆಲೆಯನ್ನು ಇನ್ನಷ್ಟು ತಗ್ಗಿಸುತ್ತದೆ, ತಗ್ಗಿದ ಬೆಲೆ ಮುಂದಿನವರ ಠೇವಣಿಯನ್ನು ನುಂಗುತ್ತದೆ.

ಏರುವ ಬೆಣೆ ಈ ಸರಪಳಿಗೆ ತಕ್ಕ ನೆಲವನ್ನು ಹದ ಮಾಡುತ್ತದೆ. ತಗ್ಗು ಬಂದಾಗಲೆಲ್ಲ ಕೊಂಡವರು ಲಾಭ ಕಂಡಿರುತ್ತಾರೆ, ಹಾಗಾಗಿ ಮುಂದಿನ ತಗ್ಗಿಗೆ ಕಾಯದೆ ಇನ್ನೂ ಮೇಲೆಯೇ ಕೊಳ್ಳುತ್ತಾರೆ. ತಗ್ಗುಗಳು ಬೇಗ ಬೇಗ ಏರುವುದು ಇದೇ ಕಾರಣಕ್ಕೆ. ಆದರೆ ಶಿಖರಗಳು ಅದೇ ವೇಗದಲ್ಲಿ ಏರುತ್ತಿಲ್ಲ ಎಂದರೆ, ಪ್ರತಿ ಹೊಸ ಎತ್ತರದಲ್ಲಿ ಮಾರುವವರು ಕಾದು ಕುಳಿತಿದ್ದಾರೆ ಎಂದರ್ಥ. ಕೊಳ್ಳಲು ಆತುರವಿದ್ದವರು ಆಗಲೇ ಕೊಂಡಾಗಿರುತ್ತದೆ, ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರು ಎಂದು ಮೊದಲೇ ಕೊಟ್ಟ ಆದೇಶ, ಅಂದರೆ ಅವರೆಲ್ಲರ ಸ್ಟಾಪ್ ಲಾಸ್, ಆ ಕೆಳಗೆರೆಯ ಅಡಿಯಲ್ಲೇ ಒತ್ತೊತ್ತಾಗಿ ಕೂತಿರುತ್ತದೆ. ಈ ಒತ್ತಡವನ್ನು ಅಳೆಯಲು ಫಂಡಿಂಗ್ ದರ ಎಂಬ ಮಾಪಕವಿದೆ. ಅನೇಕ ಕೇಂದ್ರಗಳಲ್ಲಿ ಎಂಟು ಗಂಟೆಗೊಮ್ಮೆ ಏರಿಕೆಯ ಕಡೆಯವರು ಇಳಿಕೆಯ ಕಡೆಯವರಿಗೆ, ಅಥವಾ ಅವರು ಇವರಿಗೆ, ಕೊಡುವ ಶುಲ್ಕವದು. 2021ರ ವಸಂತದಲ್ಲಿ ಏರಿಕೆಯ ಕಡೆಯವರೇ ದುಬಾರಿ ಶುಲ್ಕ ತೆರುತ್ತಿದ್ದರು.

ಏಪ್ರಿಲ್ 18, ಭಾನುವಾರ. ರಜೆಯ ದಿನ ಕೊಳ್ಳುವವರ ಆರ್ಡರ್‌ಗಳು ವಿರಳವಾಗಿರುವ ಹೊತ್ತಿನಲ್ಲಿ ಕೆಳಗೆರೆ ಒಡೆಯಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕ್ರಿಪ್ಟೊ ಮಾರುಕಟ್ಟೆಯಾದ್ಯಂತ ಸುಮಾರು 1,000 ಕೋಟಿ ಡಾಲರ್ ಮೊತ್ತದ ಲಿಕ್ವಿಡೇಷನ್ ಆಯಿತೆಂದು ವರದಿಯಾಯಿತು. ಗೆರೆ ತಾನಾಗಿ ಬೆಲೆಯನ್ನು ದಾಟಿದ ಪ್ರಸಂಗವಲ್ಲ ಇದು. ಎರಡನ್ನೂ ಬೇರ್ಪಡಿಸುವ ಗುರುತು ವಹಿವಾಟಿನ ಪ್ರಮಾಣದಲ್ಲಿದೆ. ಗೆರೆ ಬರೀ ಮೇಲೆ ಸರಿದಾಗ ವಾಲ್ಯೂಮ್ ಮಂಕಾಗಿಯೇ ಇರುತ್ತದೆ, ಬೆಲೆ ಹೆಚ್ಚು ದೂರ ಹೋಗುವುದಿಲ್ಲ. ಸಾಲದ ಸರಪಳಿ ಕಳಚಿದಾಗ ವಾಲ್ಯೂಮ್ ಏಕಾಏಕಿ ಚಿಮ್ಮುತ್ತದೆ, ಬಾಕಿ ಇರುವ ಫ್ಯೂಚರ್ಸ್ ಒಪ್ಪಂದಗಳ ಒಟ್ಟು ಮೊತ್ತ ಒಮ್ಮೆಲೇ ಕುಗ್ಗುತ್ತದೆ.

ಇಳಿಯುವ ಬೆಣೆಯಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ಹೊಸ ತಗ್ಗುಗಳು ಬರುತ್ತಲೇ ಇರುತ್ತವೆ, ಆದರೆ ಒಂದೊಂದೂ ಹಿಂದಿನದಕ್ಕಿಂತ ಸ್ವಲ್ಪವೇ ಕೆಳಗೆ. ಮಾರಬೇಕಾದವರು ಮಾರಿ ಮುಗಿಸಿರುತ್ತಾರೆ, ಬೀಳುತ್ತದೆಂದು ಪಂದ್ಯ ಕಟ್ಟಿದವರು ಮೇಲ್ಗೆರೆಯ ಆಚೆ ಸ್ಟಾಪ್ ಇಟ್ಟು ಕೂತಿರುತ್ತಾರೆ. ಬೆಲೆ ಆ ಗೆರೆ ದಾಟಿದರೆ ಅವರೆಲ್ಲ ಒತ್ತಾಯಕ್ಕೆ ಕೊಳ್ಳಬೇಕಾಗುತ್ತದೆ. ಇಂಥ ಒತ್ತಾಯದ ಖರೀದಿ ಎಷ್ಟು ಬಿರುಸಾಗಿರಬಹುದು ಎಂಬುದನ್ನು 2021ರ ಜುಲೈ 26 ತೋರಿಸಿತು: 35,000ದ ಸುತ್ತ ಇದ್ದ ಬಿಟ್‌ಕಾಯಿನ್ ಅಂದೇ 40,000 ಮುಟ್ಟಿತು. ಅದಕ್ಕೆ ಮುಂಚಿನ ಆಕೃತಿಯನ್ನು ಇಳಿಯುವ ಬೆಣೆ ಎಂದು ನಾನು ಕರೆಯುವುದಿಲ್ಲ, ಅದರ ತಳ ಹೆಚ್ಚುಕಡಿಮೆ ಸಮತಲವಾಗಿತ್ತು. ಆದರೆ ಒಳಗಿನ ಇಂಧನ ಅದೇ.

ಬೆಣೆಯನ್ನು ಮುಂಚೆಯೇ ಗುರುತಿಸುವುದು ಹಿಂದಿರುಗಿ ನೋಡಿದಷ್ಟು ಸುಲಭವಲ್ಲ. 43,000 ಮತ್ತು 55,500ರ ತಗ್ಗುಗಳನ್ನು ಸೇರಿಸುವ ಗೆರೆ ಮಾರ್ಚ್ 25ರಂದು 51,000 ದಾಟಿರುತ್ತದೆ, ನಿಜವಾದ ಬೆಲೆ ಅದಕ್ಕಿಂತ ಸುಮಾರು ಸಾವಿರ ಡಾಲರ್ ಕೆಳಗಿಳಿದಿತ್ತು. ಇದನ್ನು ಕ್ಷಮಿಸುವವರಿಗೆ ಬೆಣೆ ಕಾಣುತ್ತದೆ, ಕ್ಷಮಿಸದವರಿಗೆ ಇಲ್ಲ. ಹ್ಯಾರಿ ರಾಬರ್ಟ್ಸ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು 1959ರಲ್ಲೇ ಯಾದೃಚ್ಛಿಕ ಸಂಖ್ಯೆಗಳಿಂದ ಷೇರು ಚಾರ್ಟ್‌ನಂತೆಯೇ ಕಾಣುವ ಚಿತ್ರಗಳನ್ನು ಮಾಡಿ ತೋರಿಸಿದ್ದರು.

ಒಡೆದ ನಂತರದ ಗುರಿಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಬೆಣೆ ಶುರುವಾದ ಮಟ್ಟಕ್ಕೆ, ಇಲ್ಲಿ 43,000ಕ್ಕೆ, ಬೆಲೆ ಮರಳುತ್ತದೆ ಎಂಬುದು ರೂಢಿಯ ಮಾತು. ಏಪ್ರಿಲ್ ಕೊನೆಯ ವಾರದಲ್ಲಿ ಬೆಲೆ 47,000ದ ಸುತ್ತ ನಿಂತು, ಮೇ ಎರಡನೆಯ ವಾರದ ಹೊತ್ತಿಗೆ ಮತ್ತೆ 58,000 ದಾಟಿತು. 43,000ದ ಮಟ್ಟ ಬಂದದ್ದು ಆಮೇಲೆ. ಅಷ್ಟರಲ್ಲಿ ಟೆಸ್ಲಾ ಬಿಟ್‌ಕಾಯಿನ್ ಪಾವತಿಯನ್ನು ನಿಲ್ಲಿಸಿತ್ತು, ಮೇ 18ರಂದು ಕ್ರಿಪ್ಟೊ ವಹಿವಾಟಿನ ವಿರುದ್ಧ ಚೀನಾದ ಎಚ್ಚರಿಕೆಯೂ ಬಂತು. ಮೇ 19ರಂದು ಬೆಲೆ 30,000ಕ್ಕೆ ಇಳಿದದ್ದನ್ನು ಏಪ್ರಿಲ್‌ನ ಆ ಎರಡು ಗೆರೆಗಳ ಲೆಕ್ಕಕ್ಕೆ ಹಾಕಲು ನಾನು ಒಪ್ಪಲಾರೆ.