ಗುಮ್ಮಟದ ಹುಡುಗಿಗೆ ನಾಲ್ಕು ಕಾರ್ಡು

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಮಕ್ಕಳ ಕೈಗೆ ಒಂದು ಹಾಳೆ ಬರುತ್ತದೆ. ಗುರುಗಳೋ ಅಪ್ಪನೋ ಚೆಂದ ಅಕ್ಷರದಲ್ಲಿ ಬರೆದುಕೊಟ್ಟದ್ದು. 'ಮಾನ್ಯ ತೀರ್ಪುಗಾರರೇ, ಪೂಜ್ಯ ಗುರುವೃಂದವೇ' ಎಂದು ಶುರುವಾಗಿ 'ಧ್ವನಿಯು ಶಕ್ತಿಯ ಒಂದು ರೂಪವಾಗಿದ್ದು' ಎಂದು ಮುಂದುವರಿಯುತ್ತದೆ. ಹೆದರುವ ಮಗು ಅದನ್ನು ಪದ್ಯದ ಹಾಗೆ ಬಾಯಿಪಾಠ ಮಾಡುತ್ತದೆ, ಮನೆಯಲ್ಲಿ ಒಪ್ಪಿಸಿಯೂ ಬಿಡುತ್ತದೆ. ಪ್ರದರ್ಶನದ ದಿನ ತೀರ್ಪುಗಾರರು ನಡುವೆ ಬಾಯಿ ಹಾಕಿ 'ಈ ಕೊಳವಿ ಯಾಕ ಓರೆ ಇಟ್ಟಿ?' ಅಂದರೆ ಸಾಕು, ಸರಪಳಿ ಕಡಿಯುತ್ತದೆ. ಮಗು ಮತ್ತೆ 'ಮಾನ್ಯ ತೀರ್ಪುಗಾರರೇ' ಎಂಬಲ್ಲಿಂದ ಹೊರಡುತ್ತದೆ, ಇಲ್ಲವೇ ಕಣ್ಣಲ್ಲಿ ನೀರು ತುಂಬಿಕೊಂಡು ನಿಲ್ಲುತ್ತದೆ. ಬಾಯಿಪಾಠದಲ್ಲಿ ಒಂದು ಸಾಲಿಗೆ ಹಿಂದಿನ ಸಾಲೇ ದಾರಿ. ನಡುವಿನಿಂದ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ.

ಆದ್ದರಿಂದ ಟಿಪ್ಪಣಿಯನ್ನು ಮಾತಿಗೆ ಕಟ್ಟದೆ ಕೈಯ ಕೆಲಸಕ್ಕೆ ಕಟ್ಟಬೇಕು. ಮೇಜಿನ ಮೇಲಿನ ವಸ್ತು ಓಡಿಹೋಗುವುದಿಲ್ಲ. ಅದನ್ನು ಮುಟ್ಟಿದೊಡನೆ ಅದರ ಮಾತು ನೆನಪಾಗುತ್ತದೆ. ವಿಜಯಪುರದ ಒಂದು ಶಾಲೆಯ ಐದನೆಯ ತರಗತಿಯ ಹುಡುಗಿ 'ಗೋಳಗುಮ್ಮಟದಲ್ಲಿ ಧ್ವನಿ' ಎಂಬ ವಿಷಯ ಹಿಡಿದಿದ್ದಾಳೆ ಎಂದಿಟ್ಟುಕೊಂಡು, ಅವಳ ಟಿಪ್ಪಣಿ ಹೇಗಿರಬೇಕು ಎಂದು ನೋಡೋಣ.

ಮೊದಲು ಪ್ರಯೋಗ ಸರಿಯಾಗಿರಬೇಕು. ಕೆಟ್ಟ ಪ್ರಯೋಗಕ್ಕೆ ಒಳ್ಳೆಯ ಟಿಪ್ಪಣಿ ಬರೆಯಲಾಗದು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬಂದ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ಅದನ್ನು ಒಂದೊಂದು ಗೇಣೂವರೆಯ ಎರಡು ತುಂಡು ಮಾಡಿ ಮೇಜಿನ ಮೇಲೆ ಎರಡನ್ನೂ ಓರೆಯಾಗಿ ಇಡಬೇಕು, ಮುಂದಿನ ತುದಿಗಳು ಹತ್ತಿರ ಬರುವ ಹಾಗೆ. ಆ ತುದಿಗಳ ಎದುರಿಗೆ ನಾಲ್ಕು ಬೆರಳು ದೂರದಲ್ಲಿ ಬರೆಯುವ ಪಾಟಿಯನ್ನು ನೆಟ್ಟಗೆ ನಿಲ್ಲಿಸಬೇಕು. ಊಟದ ತಾಟು ಬೇಡ, ಅದರ ಅಂಚು ಬಾಗಿರುವುದರಿಂದ ಸಪ್ಪಳ ದಿಕ್ಕಾಪಾಲಾಗುತ್ತದೆ. ಒಂದು ಕೊಳವೆಯ ಹಿಂದಿನ ತುದಿಯಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರ, ಇನ್ನೊಂದರ ಹಿಂದಿನ ತುದಿಯಲ್ಲಿ ಕೇಳುವವರ ಕಿವಿ. ಪಾಟಿಯ ಮುಂದೆ ಎರಡೂ ಕೊಳವೆಯ ಓರೆ ಒಂದೇ ಅಳತೆಯದಾಗಿರಬೇಕು. ಒಂದನ್ನು ಸ್ವಲ್ಪ ತಿರುಗಿಸಿದರೂ ಸಪ್ಪಳ ಕುಗ್ಗುತ್ತದೆ.

ಇಲ್ಲಿ ಎರಡು ತಪ್ಪು ಸಾಮಾನ್ಯ. ಕೊಳವೆಗಳ ನಡುವೆ ಅಡ್ಡ ಏನೂ ಇಡದಿದ್ದರೆ ಗಡಿಯಾರದ ಸಪ್ಪಳ ನೇರವಾಗಿಯೇ ಕಿವಿಗೆ ಬರುತ್ತದೆ. ಗಡಿಯಾರವನ್ನು ಬರೀ ಮೇಜಿನ ಮೇಲಿಟ್ಟರೆ ಕಟ್ಟಿಗೆಯೊಳಗಿನಿಂದಲೂ ಹಾದು ಬರುತ್ತದೆ. ಪರೀಕ್ಷೆ ಸುಲಭ: ಪಾಟಿ ತೆಗೆದ ಮೇಲೂ ಟಿಕ್ ಟಿಕ್ ಅಷ್ಟೇ ಜೋರಾಗಿ ಕೇಳಿದರೆ ಪ್ರಯೋಗ ಸುಳ್ಳು ಹೇಳುತ್ತಿದೆ. ನಡುವೆ ಒಂದು ಮಣೆಯನ್ನು ನೆಟ್ಟಗೆ ನಿಲ್ಲಿಸಿ, ಗಡಿಯಾರದ ಕೆಳಗೆ ಟಾವೆಲ್ ಮಡಿಚಿ ಇಡಿ. ಕೈಗಡಿಯಾರದ ಸಪ್ಪಳ ಪ್ರದರ್ಶನದ ಗದ್ದಲದಲ್ಲಿ ಕೇಳುವುದೇ ಇಲ್ಲ. ದೊಡ್ಡದಾಗಿ ಟಿಕ್ ಎನ್ನುವ ಅಲಾರಂ ಗಡಿಯಾರವೇ ಬೇಕು. ಮನೆಯಲ್ಲಿ ಟಿವಿ ಹಚ್ಚಿಟ್ಟು ಒಮ್ಮೆ ಕೇಳಿ ನೋಡಿ. ಅಲ್ಲಿ ಕೇಳಿಸದ್ದು ಶಾಲೆಯಲ್ಲೂ ಕೇಳಿಸದು.

ಇನ್ನು ಕಾರ್ಡು. ದೊಡ್ಡ ಹಾಳೆ ಕೈನಡುಕವನ್ನು ದೂರದವರಿಗೂ ತೋರಿಸುತ್ತದೆ, ಪಟಪಟ ಸಪ್ಪಳವನ್ನೂ ಮಾಡುತ್ತದೆ. ಅದನ್ನು ಕೇಳಿದ ಮಗು ಇನ್ನಷ್ಟು ನಡುಗುತ್ತದೆ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿಯನ್ನು ಅಂಗೈಯಷ್ಟು ಅಳತೆಗೆ ಕತ್ತರಿಸಿದರೆ ಸಾಕು, ದಪ್ಪ ಇರುತ್ತದೆ. ಮೂಲೆಯಲ್ಲಿ ತೂತು ಮಾಡಿ ದಾರ ಕಟ್ಟಬೇಕು. ಕೈ ಜಾರಿ ಬಿದ್ದರೂ ಒಂದು ಎರಡು ಹಿಂದುಮುಂದಾಗುವುದಿಲ್ಲ. ಅಕ್ಷರ ಬೆರಳಿನ ಅಗಲದಷ್ಟಿರಲಿ, ಕಾರ್ಡು ಮೇಜಿನ ಮೇಲಿದ್ದರೂ ನಿಂತಲ್ಲಿಂದ ಕಾಣಬೇಕು. ಬರೆಯುವುದು ಮಗುವೇ. ತನ್ನ ಕೈಬರಹವನ್ನು ಒಂದು ನೋಟಕ್ಕೆ ಗುರುತಿಸುತ್ತದೆ, ಗುರುಗಳ ಕೂಡಕ್ಷರವನ್ನು ಬಿಡಿಸಿ ಓದಬೇಕಾಗುತ್ತದೆ.

ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಮನೆಯಲ್ಲಿ 'ಗ್ವಾಡಿಗೆ ಬಡದು ವಾಪಸ್ ಬರತೈತಿ' ಎನ್ನುವ ಮಗುವಿಗೆ 'ಮೇಲ್ಮೈಗೆ ತಾಗಿ ಪ್ರತಿಫಲಿಸುತ್ತದೆ' ಎಂದು ಬರೆದುಕೊಟ್ಟರೆ, ಹೆದರಿದ ಗಳಿಗೆಯಲ್ಲಿ ಅದಕ್ಕೆ ಎರಡು ಕೆಲಸವಾಗುತ್ತದೆ: ವಿಷಯ ನೆನೆಯುವುದು, ಮತ್ತು ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸುವುದು. ಎರಡನೆಯದರಲ್ಲಿ ಸಿಕ್ಕಿಬಿದ್ದು ಮೊದಲನೆಯದನ್ನೂ ಕಳೆದುಕೊಳ್ಳುತ್ತದೆ. ಮಾತು ಅದರದ್ದೇ ಇರಲಿ, ಪುಸ್ತಕದ ಎರಡೇ ಪದ ಸಾಕು: ಪ್ರತಿಫಲನ, ಪ್ರತಿಧ್ವನಿ.

ಆ ಎರಡು ಪದ ಯಾವುದು ಎಲ್ಲಿ ಬರಬೇಕು ಎಂಬಲ್ಲಿ ದೊಡ್ಡವರೇ ಎಡವುತ್ತಾರೆ. ಮೇಜಿನ ಮೇಲೆ ನಡೆಯುವುದು ಪ್ರತಿಫಲನ ಮಾತ್ರ. ಅದನ್ನು ಪ್ರತಿಧ್ವನಿ ಎಂದರೆ ತಿಳಿದ ತೀರ್ಪುಗಾರರು ಹಿಡಿಯುತ್ತಾರೆ. ಕೂಗಿದ್ದು ಮತ್ತು ಮರಳಿದ್ದು ನಮ್ಮ ಕಿವಿಗೆ ಬೇರೆ ಬೇರೆಯಾಗಿ ಕೇಳಬೇಕಾದರೆ ನಡುವೆ ಸುಮಾರು 0.1 ಸೆಕೆಂಡು ಅಂತರ ಬೇಕು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವುದರಿಂದ ಅಷ್ಟರಲ್ಲಿ 34 ಮೀಟರ್ ಹೋಗಿಬಂದಿರುತ್ತದೆ. ಅಂದರೆ ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ಪಾಟಿ ಇರುವುದು ನಾಲ್ಕು ಬೆರಳಿನಾಚೆ. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಶಾಹನ ಗುಮ್ಮಟ ಒಳಗೆ ಸುಮಾರು 38 ಮೀಟರ್ ಅಗಲ. ಹೋಗಿ ಬರಲು 76 ಮೀಟರ್, 0.2 ಸೆಕೆಂಡಿಗೂ ಸ್ವಲ್ಪ ಹೆಚ್ಚು. ಅದಕ್ಕೇ ಅಲ್ಲಿ ಚಪ್ಪಾಳೆ ಬೇರೆಯಾಗಿ ಮರಳುತ್ತದೆ, ಗೋಡೆಯಿಂದ ಗೋಡೆಗೆ ಬಡಿದು ಮತ್ತೆ ಮತ್ತೆ ಮರಳುತ್ತದೆ. ಮೇಲಿನ ಮೊಗಸಾಲೆಯಲ್ಲಿ ಪಿಸುಮಾತು ಆಚೆ ಬದಿಗೆ ಕೇಳುವುದು ಇನ್ನೊಂದು ಸಂಗತಿ. ಅಲ್ಲಿ ಸಪ್ಪಳ ದುಂಡುಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಹತ್ತು ವರ್ಷದ ಮಗುವಿನ ಎರಡು ನಿಮಿಷದಲ್ಲಿ ಇದನ್ನು ಸೇರಿಸಬೇಡಿ, ಕೇಳಿದರೆ ಹೇಳಲು ಒಂದು ಸಾಲು ಇದ್ದರಾಯಿತು.

ಈಗ ಕಾರ್ಡುಗಳನ್ನೇ ನೋಡಿ. ಒಂದನೆಯದರಲ್ಲಿ ಹೇಳುವ ಮಾತೆಲ್ಲ ಪೂರ್ತಿ ವಾಕ್ಯದಲ್ಲೇ ಇರುತ್ತದೆ, ಏಕೆಂದರೆ ಬಾಯಿ ಒಣಗಿರುವುದು ಆಗಲೇ:

'(ಗಡಿಯಾರ ಮುಟ್ಟು) ನಮಸ್ಕಾರ್ರಿ ಸರ್. ಗೋಳಗುಮ್ಮಟದಾಗ ಸಪ್ಪಳ ಹೆಂಗ ವಾಪಸ್ ಬರತೈತಿ ಅಂತ ತೋರಸ್ತೇನ್ರಿ. ಈ ಕೊಳವಿಗೆ ಕಿವಿ ಇಡ್ರಿ.'

ಮಾತಿಗೆ ಮೊದಲು ಗಡಿಯಾರ ಮುಟ್ಟುವುದರಿಂದ ನಡುಗುವ ಕೈಗೆ ಒಂದು ಆಸರೆ ಸಿಗುತ್ತದೆ. ಮೂರನೆಯ ವಾಕ್ಯಕ್ಕೆ ತೀರ್ಪುಗಾರರು ಬಗ್ಗಿ ಕಿವಿ ಇಡುತ್ತಾರೆ, ಮಗುವಿನ ಮುಖ ನೋಡುವುದು ನಿಲ್ಲುತ್ತದೆ. ಹೆದರುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಹಾಗಾಗಿ ಇದು ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ಬರಬೇಕು.

ಎರಡನೆಯದು: 'ಸುಮ್ನಿರು, 5 ಎಣಿಸು. ಪಾಟಿ ಎತ್ತು. ಸುಮ್ನಿರು, 5 ಎಣಿಸು. "ಈಗ ಬಂತೇನ್ರಿ?" ಪಾಟಿ ಇಡು. ಪ್ರತಿಫಲನ.' ಸುಮ್ಮನಿರುವುದನ್ನೂ ಬರೆಯಲೇಬೇಕು. ಅಂಜಿದ ಮಗು ಮೌನಕ್ಕೆ ಹೆದರಿ ಮಾತಾಡುತ್ತಲೇ ಇರುತ್ತದೆ. ಅದರ ದನಿಯಲ್ಲಿ ಟಿಕ್ ಟಿಕ್ ಮುಳುಗಿಹೋಗಿ, ತೀರ್ಪುಗಾರರು 'ಏನೂ ಕೇಳಸವಲ್ದು' ಎಂದು ತಲೆ ಎತ್ತುತ್ತಾರೆ. ಪ್ರಯೋಗ ಸರಿಯಿದ್ದೂ ಸೋತಂತೆ.

ಮೂರನೆಯದು: 'ಕೌದಿ ಮುಚ್ಚು. 5 ಎಣಿಸು. ಮೆತ್ತಂದು ಸಪ್ಪಳ ನುಂಗತೈತಿ. ಗಚ್ಚಿನ ಗ್ವಾಡಿ ನುಂಗಂಗಿಲ್ಲ.' ಪಾಟಿಯ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದಾಗ ಟಿಕ್ ಟಿಕ್ ಮಂದವಾಗುತ್ತದೆ, ಪೂರಾ ನಿಲ್ಲುವುದಿಲ್ಲ. 'ಬಂದ್ ಆಗತೈತ್ರಿ' ಎಂದು ಬರೆಸಬೇಡಿ, 'ಕಮ್ಮಿ ಆಗತೈತ್ರಿ' ಎನ್ನಲಿ. ಕಿವಿಗೆ ಕೇಳಿದ್ದು ಒಂದು, ಮಗು ಹೇಳಿದ್ದು ಒಂದು ಆದರೆ ಅಲ್ಲಿಂದ ಮುಂದೆ ಅದರ ಮಾತನ್ನು ಯಾರೂ ನಂಬುವುದಿಲ್ಲ.

ನಾಲ್ಕನೆಯದು: 'ಗುಮ್ಮಟದ ಚಿತ್ರ ತೋರಿಸು. 38 ಮೀಟರ್. ಹೋಗಿ ಬರಾಕ 76. ಪ್ರತಿಧ್ವನಿ. "ಇಷ್ಟರಿ ನಂದು, ಏನರ ಕೇಳ್ರಿ ಸರ್."' ಕೊನೆಯ ವಾಕ್ಯವನ್ನೂ ಪೂರ್ತಿ ಬರೆಯಬೇಕು. ಮುಗಿಸುವುದು ಹೇಗೆಂದು ಗೊತ್ತಿಲ್ಲದ ಮಗು ಮುಗಿದ ಮೇಲೂ 'ಮತ್ತ... ಮತ್ತ...' ಎನ್ನುತ್ತ ನಿಲ್ಲುತ್ತದೆ.

ಇಷ್ಟಕ್ಕೆ ಎಣಿಸುವ ಹೊತ್ತೂ ಸೇರಿ ಎರಡು ನಿಮಿಷ ಹಿಡಿಯುತ್ತದೆ. ಮನೆಯಲ್ಲಿ ಗಡಿಯಾರ ಹಿಡಿದು ನೋಡಿ. ಒಂದು ನಿಮಿಷಕ್ಕೇ ಮುಗಿದರೆ ಮಾತು ಕಡಿಮೆಯಾಯಿತೆಂದು ಹೊಸ ಸಾಲು ಸೇರಿಸಲು ಹೋಗಬೇಡಿ. ಎಣಿಕೆಯನ್ನು ಮಗು ಹಾರಿಸಿರುತ್ತದೆ, ಅಷ್ಟೇ.

ತಾಲೀಮಿಗೂ ಒಂದು ಕ್ರಮವಿದೆ. ಮೊದಲ ದಿನ ಮಾತೇ ಇಲ್ಲದೆ ಬರೀ ಕೈ ಕೆಲಸವನ್ನು ನಾಲ್ಕು ಸಲ ಮಾಡಿಸಿ. ಎರಡನೆಯ ದಿನ ಮಾತು ಸೇರಿಸಿ. ಮೂರನೆಯ ದಿನ ಬೇಕೆಂದೇ ನಡುವೆ ಬಾಯಿ ಹಾಕಿ. ಕೌದಿ ಹೊದಿಸುವಾಗ ಅಜ್ಜಿ 'ಗುಮ್ಮಟ ಎಷ್ಟ ಅಗಲ ಐತಿ ತಂಗಿ?' ಎಂದು ಕೇಳಲಿ. ಮಗು ನಾಲ್ಕನೆಯ ಕಾರ್ಡಿನ ಉತ್ತರ ಕೊಟ್ಟು, ಮತ್ತೆ ಕೌದಿಗೆ ಕೈ ಹಾಕಬೇಕು. ಕೈ ಯಾವ ವಸ್ತುವಿನ ಮೇಲಿದೆಯೋ ಅಲ್ಲಿಂದಲೇ ಮುಂದೆ ಹೋಗುವುದು ರೂಢಿಯಾದರೆ ಸರಪಳಿ ಕಡಿಯುವ ಭಯ ಉಳಿಯುವುದಿಲ್ಲ.

ಆದರೂ ಒಮ್ಮೊಮ್ಮೆ ತಲೆ ಪೂರಾ ಖಾಲಿಯಾಗುತ್ತದೆ. ಅದಕ್ಕೆ ಐದನೆಯ ಕಾರ್ಡು, ಅಂಚಿಗೆ ಕೆಂಪು ಬಣ್ಣ ಹಚ್ಚಿದ್ದು. ಅದರಲ್ಲಿ ಒಂದೇ ಕೆಲಸ: 'ಪಾಟಿ ಎತ್ತು. "ಈಗ ಬಂತೇನ್ರಿ?"' ಪಾಟಿ ಎತ್ತಿದರೆ ತೀರ್ಪುಗಾರರಿಗೆ ಕೆಲಸ ಸಿಗುತ್ತದೆ, ಮಗುವಿಗೆ ಐದು ಸೆಕೆಂಡು ಉಸಿರು ಸಿಗುತ್ತದೆ. ಅದೇ ಕಾರ್ಡಿನ ಹಿಂಬದಿಗೆ ಗೊತ್ತಿಲ್ಲದ ಪ್ರಶ್ನೆಗೆ ಒಂದು ಉತ್ತರ: 'ಅದನ್ನ ನಾ ಮಾಡಿ ನೋಡಿಲ್ರಿ ಸರ್.' ಗೊತ್ತಿಲ್ಲ ಎನ್ನುವುದಕ್ಕೆ ಮಾತು ಸಿದ್ಧವಿಲ್ಲದ ಮಗುವೇ ಏನೋ ಒಂದು ಕಟ್ಟಿ ಹೇಳಲು ಹೋಗಿ ಇನ್ನೂ ಎರಡು ಪ್ರಶ್ನೆ ಮೈಮೇಲೆ ಎಳೆದುಕೊಳ್ಳುತ್ತದೆ.

ನಾಲ್ಕನೆಯ ಕಾರ್ಡಿನ ಬುಡದಲ್ಲಿ ಸಣ್ಣದಾಗಿ ಇನ್ನೊಂದು ಸಾಲು ಬರೆಸಿಡಿ. ತೀರ್ಪುಗಾರರು ಆಚೆ ಮೇಜಿಗೆ ಹೋದೊಡನೆ ಓದಬೇಕಾದ್ದು: 'ಕೌದಿ ತಗಿ. ಪಾಟಿ ನೆಟ್ಟಗ ಮಾಡು. ಗಡಿಯಾರ ನಡದೈತೇನು ನೋಡು. 1ನೇ ಕಾರ್ಡ್ ಮ್ಯಾಲ.' ಏಕೆಂದರೆ ಮುಂದಿನ ಐದು ನಿಮಿಷದಲ್ಲಿ ಪಕ್ಕದ ಶಾಲೆಯ ಮಕ್ಕಳ ಸಾಲು ಬಂದು ನಿಲ್ಲುತ್ತದೆ, ಅವರೂ ಕಿವಿ ಇಟ್ಟೇ ಇಡುತ್ತಾರೆ.